ಗುರುವಾರದ ಭಾಷಣ ಮತ್ತು ಸೀರೆಯ ಸುದ್ದಿ

ಮೊನ್ನೆ ತೇರದಾಳಕ್ಕೆ ಒಂದು ಮದುವೆಗೆ ಹೊರಟಿದ್ದೆವು. ಬಸ್ಸು ಬನಹಟ್ಟಿಯ ಒಳರಸ್ತೆಗೆ ತಿರುಗಿದ್ದೇ ತಡ, ಕಿಟಕಿಯಿಂದ ನೂಲಿಗೆ ಹಚ್ಚುವ ಗಂಜಿಯ ವಾಸನೆ ನುಗ್ಗಿತು. ಹುಳಿ ಬಂದ ಗಂಜಿಗೆ ಮಗ್ಗದ ಎಣ್ಣೆ ಬೆರೆತರೆ ಹೇಗಿರುತ್ತದೋ ಹಾಗೆ. ಪಕ್ಕದಲ್ಲಿದ್ದ ಹೆಂಡತಿ ಸುಮಾ ಮೂಗಿಗೆ ಸೆರಗು ಹಿಡಿದು, "ನಿಮ್ಮ ಭಾಷಣದ ಊರು ಬಂತು ನೋಡ್ರಿ" ಅಂದಳು. ಹಿಂದಿನ ಸೀಟಿನವರು ನಾನು ಯಾವುದೋ ಪಕ್ಷದವನಿರಬೇಕೆಂದು ಕತ್ತು ಚಾಚಿ ನೋಡಿದರು.

ನಾನು ರಾಜಕಾರಣಿಯಲ್ಲ, ಗಣಿತದ ಮಾಸ್ತರ. ಬದುಕಿನಲ್ಲಿ ಒಂದೇ ಒಂದು ಭಾಷಣ ಮಾಡಿದ್ದೇನೆ. ಅದು ಬನಹಟ್ಟಿಯಲ್ಲಿ, ಲೋಕಾಪುರದಿಂದ ವರ್ಗವಾಗಿ ಬಂದ ಮೊದಲ ವರ್ಷದ ಮಳೆಗಾಲದಲ್ಲಿ.

ಭಾಷಣವೆಂದರೆ ನನಗೆ ಹೆದರಿಕೆ. ಕಾರಣ ನನ್ನ ದನಿ. ದೇವರು ನನಗೆ ಮೀಸೆ ಕೊಟ್ಟ, ಭುಜ ಕೊಟ್ಟ, ದನಿ ಕೊಡುವ ಹೊತ್ತಿಗೆ ಪಕ್ಕದ ಡಬ್ಬಕ್ಕೆ ಕೈ ಹಾಕಿಬಿಟ್ಟ. ಫೋನಿನಲ್ಲಿ ಮಾತಾಡಿದರೆ ಯಾರೇ ಆಗಲಿ "ಹೇಳ್ರಿ ಮೇಡಮ್" ಅನ್ನುತ್ತಾರೆ. ಕ್ಲಾಸಿನಲ್ಲಿ ಕರಿಹಲಗೆಗೆ ಮುಖ ಮಾಡಿ ಪಾಠ ಹೇಳುವುದಕ್ಕೆ ಅದು ಅಡ್ಡಿಯಿಲ್ಲ. ಆದರೆ ಮೈಕಿನ ಮುಂದೆ ನಿಲ್ಲುವ ಪ್ರಸಂಗ ಬಂದಾಗಲೆಲ್ಲ ನನಗೆ ಗಂಟಲು ಕೆಡುತ್ತಿತ್ತು, ಹೊಟ್ಟೆ ಕೆಡುತ್ತಿತ್ತು, ದೂರದ ಸಂಬಂಧಿಕರು ತೀರಿಹೋಗುತ್ತಿದ್ದರು.

ನಮ್ಮ ಹೆಡ್ಮಾಸ್ತರು ಹಂಚಿನಾಳ ಸರ್ ಒಳ್ಳೆಯವರು, ಆದರೆ ಭಾಷಣದ ಮೇಲೆ ಅವರಿಗೆ ಅಪಾರ ವಿಶ್ವಾಸ. ನಳದಲ್ಲಿ ನೀರು ಬರದಿದ್ದರೂ ಪ್ರಾರ್ಥನೆಯ ಹೊತ್ತಿಗೆ ಒಂದು ಭಾಷಣ ಮಾಡಿಸುತ್ತಿದ್ದರು. ಪ್ರಾರ್ಥನೆ, ನಾಡಗೀತೆ, ಪತ್ರಿಕೆಯ ಸುದ್ದಿ, ದಿನಕ್ಕೊಂದು ನುಡಿ, ಆಮೇಲೆ ಆ ದಿನದ ಪಾಳಿಯ ಶಿಕ್ಷಕರ ಭಾಷಣ, ಕೊನೆಗೆ ರಾಷ್ಟ್ರಗೀತೆ. ಗುರುವಾರದ ಪಾಳಿ ನನ್ನದು. ಹಿಂದಿ ಕಲಿಸುವ ನದಾಫ್ ಮೇಡಮ್ ಕನಿಕರಪಟ್ಟು ನನ್ನ ಪಾಳಿಯನ್ನೂ ತಾವೇ ಮಾಡಿಬಿಡುತ್ತಿದ್ದರು. ಜುಲೈ ಮುಗಿಯುವವರೆಗೂ ಹೀಗೆ ಬಚಾವಾಗಿದ್ದೆ.

ಒಂದು ಬುಧವಾರ ಮಧ್ಯಾಹ್ನ ಶಾಂತವ್ವ ಎಂಬ ಹೆಣ್ಣುಮಗಳು ಸಾಲಿಗೆ ಬಂದಳು. ಮಗ್ಗದ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸ ಆಕೆಯದು. ಸೀರೆಯ ತುಂಬ ನೂಲಿನ ಎಳೆಗಳು ಅಂಟಿದ್ದವು. ಆಕೆಯ ಮಗ ಪ್ರಭು ನನ್ನ ಒಂಬತ್ತನೆಯ ಕ್ಲಾಸಿನವನು. ಎರಡು ವಾರದಿಂದ ಬಂದಿರಲಿಲ್ಲ.

"ಸಾಲಿ ಬಿಡತೇನಿ, ಮಗ್ಗಕ್ಕ ಹೊಕ್ಕೇನಿ ಅಂತಾನ್ರಿ ಸರ್. ಯಾಕಂದ್ರ ಹೇಳವೊಲ್ಲ. ನಿನ್ನೆ ಅವನ ತಂಗಿ ಹೇಳಿದ್ಲು, ಹುಡುಗೂರು ಅವನ್ನ ಪ್ರಭವ್ವಾ ಪ್ರಭವ್ವಾ ಅಂತಾರಂತ."

ಹಂಚಿನಾಳ ಸರ್ ನನ್ನ ಕಡೆ ನೋಡಿದರು. ನನಗೂ ಗೊತ್ತಿತ್ತು, ಪೂರ್ತಿ ಗೊತ್ತಿರಲಿಲ್ಲ. ಪ್ರಭು ಮಾತಾಡುವಾಗ ಅವನ ಕೈಗಳೂ ಮಾತಾಡುತ್ತಿದ್ದವು. ನಡಿಗೆ ಮೆತ್ತಗೆ. ಬಿಡುವಿನ ಹೊತ್ತಿನಲ್ಲಿ ಹುಡುಗಿಯರ ಜೊತೆ ಕೂತು ಕುಂಟೆಬಿಲ್ಲೆಯ ನ್ಯಾಯ ಹೇಳುತ್ತಿದ್ದ. ನನ್ನ ಬೀಜಗಣಿತದ ಮಟ್ಟಿಗೆ ಅವನು ಎಲ್ಲರಷ್ಟೇ ದಡ್ಡ. ಸಿದ್ದು ಎಂಬ ಅವನ ಸಹಪಾಠಿ ಅವನ ನಡಿಗೆಯನ್ನು ನಕಲು ಮಾಡಿ ಇಡೀ ಸಾಲಿಯನ್ನು ನಗಿಸುತ್ತಿದ್ದ ವಿಷಯ ನನಗೆ ತಿಳಿದದ್ದು ಆವತ್ತು.

"ಇದಕ್ಕ ಒಂದು ಭಾಷಣ ಆಗಬೇಕು," ಹಂಚಿನಾಳ ಸರ್ ಮೇಜು ಗುದ್ದಿದರು. "ನಾಳೆ ಗುರುವಾರ. ಜೋಶಿ ಸರ್, ನಿಮ್ಮ ಪಾಳಿ. ಪ್ರಭೂನ್ನ ಕರಸೂಣು, ಕಟ್ಟಿ ಮ್ಯಾಲ ನಿಂದ್ರಸೂಣು, ಇವನಿಗೆ ಯಾರೂ ಏನೂ ಅನಬಾರದು ಅಂತ ಗಟ್ಟಿಯಾಗಿ ಹೇಳಿಬಿಡೂಣು. ಪ್ಲಾಸ್ಟಿಕ್ ಬಗ್ಗೆನೂ ಎರಡು ಮಾತು ಸೇರಸ್ರಿ."

ಶಾಂತವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. ಎಲ್ಲರೂ ನೋಡುತ್ತಾರೆಂದು ಮನೆಯಲ್ಲಿ ಅಡಗಿದ ಹುಡುಗನನ್ನು ಎಲ್ಲರ ಎದುರು ಕಟ್ಟೆ ಹತ್ತಿಸುವುದೇ? ಹೆದರಿಕೆಯಿಂದಲೋ ವಿವೇಕದಿಂದಲೋ ನಾನು ಬಾಯಿ ಬಿಟ್ಟೆ. "ಸರ್, ನಾಳೆ ಬ್ಯಾಡ್ರಿ. ಅವ ಇಲ್ಲದs ಮಾಡಿದ್ರೂ ಎಲ್ಲಾರೂ ಅವನ ಖಾಲಿ ಜಾಗಾನ ನೋಡತಾರ. ಮೊದಲ ಅವ ಸಾಲಿಗೆ ಬರಲಿ. ಒಂದೆರಡು ವಾರ ಹೋಗಲಿ. ಆಮ್ಯಾಲೆ ಮಾಡತೇನಿ."

"ಮಾಡತೇನಿ ಅಂದ್ರಿ ಮತ್ತ," ಅಂದರು ಹಂಚಿನಾಳ ಸರ್. ಬಾಗಿಲಲ್ಲಿ ನಿಂತಿದ್ದ ನದಾಫ್ ಮೇಡಮ್ ನಕ್ಕರು. ನನಗೆ ಆಮೇಲೆ ಅರಿವಾಯಿತು: ಮುಂದೂಡುವ ಭರದಲ್ಲಿ ಒಪ್ಪಿಕೊಂಡುಬಿಟ್ಟಿದ್ದೆ.

ಜಮಖಂಡಿಯಲ್ಲಿ ನಮ್ಮ ಮನೆ. ಸುಮಾಳ ಬ್ಯಾಂಕು ಅಲ್ಲಿತ್ತು. ಆ ಸಂಜೆಯೇ ಭಾಷಣ ಬರೆಯಲು ಕೂತೆ. 'ಲಿಂಗಾಭಿವ್ಯಕ್ತಿಯ ವೈವಿಧ್ಯವು ಮಾನವಕುಲದ ಅವಿಭಾಜ್ಯ ಅಂಗವಾಗಿದ್ದು' ಎಂದು ಶುರು ಮಾಡಿ, ನಡುವೆ 'ಇಂಥ ಅಮಾಯಕ ಜೀವಿಗಳ ಬಗ್ಗೆ ನಾವೆಲ್ಲರೂ ಕನಿಕರ ತೋರಿ' ಎಂದು ಬರೆದು, 'ಪುನೀತರಾಗೋಣ' ಎಂದು ಮುಗಿಸಿದೆ. ಸುಮಾಳಿಗೆ ಓದಿ ತೋರಿಸಿದೆ. ಆಕೆ ಸೊಪ್ಪು ಸೋಸುತ್ತಿದ್ದಳು.

"ಯಾರು ತೀರಿಕೊಂಡಾರ್ರಿ?" ಅಂದಳು.

"ಯಾರೂ ಇಲ್ಲ."

"ಮತ್ತ ಯಾಕ ಹಿಂಗ ಬರಿಲಿಕ್ಕತ್ತೀರಿ? ಆ ಹುಡುಗನ್ನ ಒಮ್ಮೆ ಕೇಳೀರೇನು, ನಿನ್ನ ಬಗ್ಗೆ ಭಾಷಣ ಮಾಡ್ಲೇನಪಾ ಅಂತ?"

ಕೇಳಿರಲಿಲ್ಲ. ಮರುದಿನ ಸಾಲಿ ಬಿಟ್ಟ ಮೇಲೆ ಶಾಂತವ್ವನ ಮನೆ ಹುಡುಕಿಕೊಂಡು ಹೋದೆ.

ಮಗ್ಗದ ಓಣಿಯಲ್ಲಿ ಗುಟ್ಟು ಮಾತಾಡಲು ಸಾಧ್ಯವಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಒಂದೊಂದು ಮನೆಯಲ್ಲೂ ವಿದ್ಯುತ್ ಮಗ್ಗಗಳು ಖಟಖಟ ಎಂದು ಬಡಿಯುತ್ತಿದ್ದವು. ನೆಲ ನಡುಗುತ್ತಿತ್ತು. ಶಾಂತವ್ವ ಕೊಟ್ಟ ಚಹಾದ ಬಸಿಯಲ್ಲಿ ಸಣ್ಣ ತೆರೆಗಳೇಳುತ್ತಿದ್ದವು. ಪ್ರಭು ಮಗ್ಗದ ಪಕ್ಕದಲ್ಲಿ ಹರಿದ ಎಳೆಗೆ ಗಂಟು ಹಾಕುತ್ತ ನಿಂತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ.

"ಯಾಕ ಸಾಲಿಗೆ ಬರವಲ್ಲಿ?" ಅಂದೆ.

"ಆಂ?"

"ಸಾಲಿಗೆ ಯಾಕ ಬರವಲ್ಲೀ?"

"ಕೇಳವಲ್ದ್ರಿ ಸರ್!"

ಇಂಥ ನಾಜೂಕು ವಿಷಯವನ್ನು ನನ್ನ ಸಪೂರ ದನಿಯಲ್ಲಿ ಕೂಗಿ ಹೇಳಬೇಕಾಯಿತು. ಅವನೂ ಕೂಗಿ ಉತ್ತರಿಸುತ್ತಿದ್ದ. ಕೂಗುತ್ತ ಕೂಗುತ್ತ ನನಗೆ ಉತ್ಸಾಹ ಬಂತು. ಗಂಟಲಿನ ಶಕ್ತಿಯನ್ನೆಲ್ಲ ಕೂಡಿಸಿ ಒಂದು ವಾಕ್ಯ ಎತ್ತಿದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಆ ನಿಶ್ಶಬ್ದದಲ್ಲಿ ನನ್ನ ವಾಕ್ಯವೊಂದೇ ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು:

"ನೀ ಹ್ಯಾಂಗ ನಡೀತೀಯೋ ಹಂಗs ನಡಿಯೋ!"

ಪಕ್ಕದ ಮನೆಯಿಂದ ಒಬ್ಬ ಅಜ್ಜ, "ಯಾರಬೇ ಅಕಿ, ಯಾರಿಗೆ ಬೈಯಾಕತ್ತಾಳ?" ಎಂದು ಕೇಳಿದ.

ಪ್ರಭು ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದ. ನಕ್ಕು ನಕ್ಕು ಮಗ್ಗದ ಪಟ್ಟಿಗೆ ಒರಗಿದ. ನಾನೂ ನಕ್ಕೆ. ಕರೆಂಟು ಬರುವವರೆಗೆ ನಮಗೆ ಮೆಲ್ಲಗೆ ಮಾತಾಡಲು ಸಮಯ ಸಿಕ್ಕಿತು.

"ಭಾಷಣ ಮಾಡ್ರಿ ಸರ್," ಅಂದ ಅವನು. "ಆದ್ರ ನನ್ನ ಹೆಸರ ತಗೋಬ್ಯಾಡ್ರಿ. ನನ್ನ ಕಡೆ ನೋಡಲೂ ಬ್ಯಾಡ್ರಿ."

"ನೋಡೂದಿಲ್ಲ."

"ಪಾಪ ಅನಬ್ಯಾಡ್ರಿ. ನಾ ಪಾಪ ಅಲ್ಲ."

ಅಮಾಯಕ ಜೀವಿಗಳು ಅಲ್ಲೇ ಬಿದ್ದುಹೋದವು.

"ಇಂಥವರು ಭಾಳ ಛಲೋ ಹಾಡತಾರ, ಚಿತ್ರ ಬರೀತಾರ, ಅದಕ್ಕ ಗೌರವ ಕೊಡ್ರಿ ಅಂತಾರಲ್ರಿ, ಅದೂ ಬ್ಯಾಡ್ರಿ. ನಂಗ ಹಾಡಾಕ ಬರಂಗಿಲ್ಲ. ಏನೂ ಬರದಿದ್ರ ಕಾಡಸಬಹುದೇನ್ರಿ ಹಂಗಾರ?"

ನಾನು ತಲೆ ಕೆರೆದುಕೊಂಡೆ. ಅವನು ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ, ಇನ್ನೂ ಮೆತ್ತಗಿನ ದನಿಯಲ್ಲಿ ಹೇಳಿದ: "ಸಿದ್ದ್ಯಾ ಅಂದ್ರ ನಾ ತಡಕೋತಿದ್ದೆ ಸರ್. ಆದ್ರ ಮ್ಯಾಗೇರಿ ಸರ್ ಕವಾಯತಿನ್ಯಾಗ, ನಿನ್ನ ಸಾಲು ಅದಲ್ಲ, ಹುಡುಗ್ಯಾರ ಸಾಲಿನ್ಯಾಗ ನಿಂದ್ರು ಅಂದ್ರು. ಎಲ್ಲಾರೂ ನಕ್ರು. ಅವತ್ತಿನಿಂದ ಬರಬೇಕು ಅನಸವಲ್ದು."

ಆಗ ನನಗೆ ಹೊಳೆಯಿತು, ಈ ಭಾಷಣ ಮೊದಲು ಆಗಬೇಕಾದದ್ದು ಶಿಕ್ಷಕರ ಕೋಣೆಯಲ್ಲಿ.

ಮ್ಯಾಗೇರಿ ಸರ್ ನಮ್ಮ ದೈಹಿಕ ಶಿಕ್ಷಕರು. ಎತ್ತರದ ಆಳು. ಸೀಟಿ ಸದಾ ಕೊರಳಲ್ಲಿ. ಊಟ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಶನಿವಾರ ಸಾಲಿ ಬಿಟ್ಟ ಮೇಲೆ ಹಂಚಿನಾಳ ಸರ್ ಸಭೆ ಕರೆದರು. ಪ್ರಭುವಿನ ಹೆಸರು ಹೇಳದೆ, ಅವರ ಹೆಸರೂ ಹೇಳದೆ, ನಾನು ವಿಷಯ ಎತ್ತಿದೆ. ಮ್ಯಾಗೇರಿ ಸರ್ ತಕ್ಷಣ ಎದ್ದು ನಿಂತರು.

"ನನಗs ಅಂತೀರೇನ್ರಿ? ನಾ ಚೇಷ್ಟಿ ಮಾಡತೇನಿ. ಹುಡುಗೂರು ಗಟ್ಟಿ ಆಗಲಿ ಅಂತ ಮಾಡತೇನಿ. ನಮ್ಮ ಮಾಸ್ತರು ನಮಗ ಏನೇನ ಅಂದಾರ, ನಾವು ಸತ್ತೇವೇನು?"

"ಗಲಾಟೆ ಬ್ಯಾಡ," ಹಂಚಿನಾಳ ಸರ್ ಮಧ್ಯೆ ಬಂದರು. "ಏನಿದ್ರೂ ಗಂಡಸರಂಗ ಕೂತು ಮಾತಾಡೂಣು."

ನದಾಫ್ ಮೇಡಮ್ ಕೈಯಲ್ಲಿದ್ದ ಉತ್ತರಪತ್ರಿಕೆಗಳನ್ನು ಕೆಳಗಿಟ್ಟರು. "ಹಂಗಾರ ನಾವು ಎದ್ದು ಹೋಗಬೇಕೇನ್ರಿ ಸರ್?"

ಹಂಚಿನಾಳ ಸರ್ ಬೆವರು ಒರೆಸಿಕೊಂಡರು. "ಬಾಯಾಗ ಬಂದುಬಿಡ್ತದರಿ," ಅಂದರು.

"ಅದs ಮತ್ತ," ಅಂದರು ಮೇಡಮ್. "ನಮ್ಮೆಲ್ಲಾರ ಬಾಯಾಗೂ ಬರತದ. ಹುಡುಗ ಅತ್ರ ಹುಡುಗ್ಯಾರಂಗ ಅಳಬ್ಯಾಡ ಅಂತೇವಿ. ಒಂದs ಮಾತಿನ್ಯಾಗ ಅವನ್ನೂ ಕೀಳ ಮಾಡಿದ್ವಿ, ಹುಡುಗ್ಯಾರನ್ನೂ ಕೀಳ ಮಾಡಿದ್ವಿ. ನಾ ಸಣ್ಣಾಕಿ ಇದ್ದಾಗ ಅಪ್ಪನ ಮೋಟರ್ ಸೈಕಲ್ ಹೊಡೀತಿದ್ದೆ. ಗಂಡುಬೀರಿ ಅಂತಿದ್ರು. ಸಾಯಲಿಲ್ಲ ಖರೆ. ಆದ್ರ ಗಾಡಿ ಹೊಡಿಯೂದು ಬಿಟ್ಟೆ."

ಮ್ಯಾಗೇರಿ ಸರ್ ಸೀಟಿಯನ್ನು ಬಾಯಿಗಿಟ್ಟುಕೊಂಡು, ಊದದೆ, ಕಿಟಕಿಯ ಹೊರಗೆ ನೋಡುತ್ತ ಕೂತರು. ಆದರೆ ಸೋಮವಾರದ ಕವಾಯತಿನಲ್ಲಿ ಹುಡುಗರ ಸಾಲು, ಹುಡುಗಿಯರ ಸಾಲು ಎರಡನ್ನೂ ಒಡೆದು ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಿದರು. ಯಾಕೆಂದು ಯಾರಿಗೂ ಹೇಳಲಿಲ್ಲ. ನಾನು ಥ್ಯಾಂಕ್ಸ್ ಹೇಳಲು ಹೋದರೆ, "ಕುಳ್ಳ ಹುಡುಗೂರು ಹಿಂದ ಕಾಣಂಗಿಲ್ಲರಿ, ಅದಕ್ಕ" ಎಂದು ಗದರಿದರು.

ಅದೇ ವಾರ ಪ್ರಭು ಸಾಲಿಗೆ ಬಂದ. ನಾನು ಏನೂ ಆಗಿಲ್ಲವೆಂಬಂತೆ ಹಾಜರಿ ಕರೆದೆ, ಲೆಕ್ಕ ತಪ್ಪಿದ್ದಕ್ಕೆ ಬೈದೆ. ಸಿದ್ದು ಹಿಂದಿನ ಬೆಂಚಿನಿಂದ ಒಮ್ಮೆ ಮೆಲ್ಲಗೆ 'ಪ್ರಭವ್ವಾ' ಅಂದ. ಅವನನ್ನು ಕ್ಲಾಸಿನ ನಂತರ ಹೊರಗೆ ಕರೆದು, ಒಬ್ಬನನ್ನೇ ನಿಲ್ಲಿಸಿ, ಅದು ನಿಲ್ಲಬೇಕು ಎಂದೆ. "ಹೂಂ ಸರ್," ಎಂದು ಚಪ್ಪಲಿ ನೋಡಿಕೊಂಡ.

ಎರಡು ವಾರ ಕಳೆದು, ನಾನು ಮಾತು ಕೊಟ್ಟಿದ್ದ ಆ ಗುರುವಾರ ಬಂತು. ಬೆಳಗಿನಿಂದ ಜಿಟಿಜಿಟಿ ಮಳೆ. ಅಂಗಳ ಕೆಸರಾಗಿ ಪ್ರಾರ್ಥನೆಯನ್ನು ವರಾಂಡಕ್ಕೆ ತಂದಿದ್ದರು. ಗಂಟಲು ಕೆಡಲಿ ಎಂದು ರಾತ್ರಿ ಐಸ್‌ಕ್ರೀಮ್ ತಿಂದಿದ್ದೆ, ಕೆಟ್ಟಿರಲಿಲ್ಲ. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. "ಈಗ ಶ್ರೀ ಜೋಶಿ ಸರ್ ಅವರು," ಎಂದು ಹಂಚಿನಾಳ ಸರ್ ಕೈ ತೋರಿಸಿದರು.

"ವಿದ್ಯಾರ್ಥಿ ಮಿತ್ರರೇ," ಅಂದೆ. ಮೈಕಿನಲ್ಲಿ ನನ್ನ ದನಿ ಇನ್ನೂ ಸಪೂರವಾಗಿ, ಎಳೆಗರುವಿನ ಹಾಗೆ ಹೊರಬಿತ್ತು. ಹಿಂದಿನ ಸಾಲಿನಲ್ಲಿ ಕಿಸಕ್ ಎಂಬ ಸದ್ದು. ಆ ಸದ್ದು ಮುಂದಕ್ಕೆ ಹರಡುತ್ತ ಬಂತು. ಬರೆದದ್ದೆಲ್ಲ ಕಣ್ಣಿಗೆ ಮಸುಕಾಯಿತು. ಹಾಳೆ ಮಡಚಿ ಕಿಸೆಗಿಟ್ಟೆ. ಆಮೇಲೆ ಪುಸ್ತಕದ ಮಾತು ಬಿಟ್ಟು ಮನೆಯ ಮಾತಿಗಿಳಿದೆ.

"ನಗ್ರಿ. ನನ್ನ ದನಿ ಹಿಂಗs ಐತಿ. ಗ್ಯಾಸಿನವರಿಗೆ ಫೋನ್ ಮಾಡಿದ್ರ, ಹೇಳ್ರಿ ಮೇಡಮ್ ಅಂತಾರ. ಒಮ್ಮೆ ನಾ ಮೇಡಮ್ ಅಲ್ಲರಿ ಅಂದೆ. ಹಂಗಾರ ಅಮ್ಮಗ ಫೋನ್ ಕೊಡು ಮರಿ ಅಂದ್ರು."

ವರಾಂಡ ಹಾರಿಹೋಗುವಷ್ಟು ನಗು. ಮ್ಯಾಗೇರಿ ಸರ್ ಸಹ ನಕ್ಕರು. ನಗು ತಣ್ಣಗಾಗುವವರೆಗೆ ಕಾದೆ.

"ಈಗ ನಕ್ಕಿದ್ದು ಛಲೋ ಆತು. ಯಾಕಂದ್ರ ಈ ಚೇಷ್ಟಿ ನಾನs ಹೇಳಿದೆ, ನನಗ ಬೇಕಾದಾಗ ಹೇಳಿದೆ, ನಾನs ನಿಲ್ಲಸಿದೆ. ಈಗ ವಿಚಾರ ಮಾಡ್ರಿ. ನಾ ಗೇಟಿನ್ಯಾಗ ಬಂದ ಕೂಡಲೇ ಒಬ್ಬ ನನ್ನ ದನಿ ತಗದು ಕೂಗಿದ. ಕ್ಲಾಸಿನ್ಯಾಗ ಇನ್ನೊಬ್ಬ. ನೀರ ಕುಡಿಯಾಕ ಹ್ವಾದ್ರ ಅಲ್ಲಿನೂ. ದಿನಾ. ನಾ ನಿಲ್ಲಸ್ರಿ ಅಂದ್ರೂ ನಿಲ್ಲಂಗಿಲ್ಲ. ಆವಾಗ ಅದು ಚೇಷ್ಟಿ ಏನು?"

ಮಾಡಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಪ್ರಭುವಿನ ಕಡೆ ಕಣ್ಣು ಹೋಗಬಾರದೆಂದು ನಾನು ಎದುರಿಗಿನ ಧ್ವಜದ ಕಂಬದ ತುದಿಯನ್ನೇ ನೋಡುತ್ತಿದ್ದೆ. ಕೆಲವು ಮಕ್ಕಳು ಅಲ್ಲೇನಿದೆಯೆಂದು ತಿರುಗಿ ನೋಡಿದರು.

"ಒಬ್ಬ ಹುಡುಗ ಮೆತ್ತಗ ನಡೀತಾನ. ಒಬ್ಬಾಕಿ ಹುಡುಗಿ ಕೂದಲಾ ಕತ್ತರಿಸಿ ಕಬಡ್ಡಿ ಆಡತಾಳ. ಒಬ್ಬ ಕೈ ತಿರುವಿ ಮಾತಾಡತಾನ. ಅವರವರ ರೀತಿ ಅದು. ಅದನ್ನ ನೋಡಿ ಇವ ಹಿಂಗಿರಬೇಕು, ಇಕಿ ಹಂಗಿರಬೇಕು ಅಂತ ಅಂದಾಜ ಹಾಕೂದು ನಮ್ಮ ಕೆಲಸ ಅಲ್ಲ. ಅವರ ಬಗ್ಗೆ ಹೇಳೂದಿದ್ರ ಅವರs ಹೇಳತಾರ, ಹೇಳದಿದ್ರೂ ನಡೀತದ. ನೀವು ಮಾಡೂದು ಇಷ್ಟs. ಅವರಿಗೆ ಯಾವ ಹೆಸರು ಬೇಕೋ ಆ ಹೆಸರಿನಿಂದ ಕರೀರಿ. ನಡಿಗಿ ನಕಲ ಮಾಡಬ್ಯಾಡ್ರಿ. ಮೊಬೈಲಿನ್ಯಾಗ ಹಿಡಿಬ್ಯಾಡ್ರಿ. ಬೇರೆ ಸಾಲಿಗೆ ದೂಡಬ್ಯಾಡ್ರಿ. ಯಾರರೆ ಕಾಡಸೂದು ಕಂಡ್ರ ನಗಬ್ಯಾಡ್ರಿ. ನೀವು ನಗದಿದ್ರ ಅರ್ಧ ಆಟ ಅಲ್ಲೇ ಮುಗೀತದ. ಹೋಗಿ ಆ ಗೆಳೆಯಾನ ಬಾಜೂಕ ನಿಂದ್ರಿ. ಕಾಡಸಾಂವನ್ನ ಹೊಡಿಬ್ಯಾಡ್ರಿ, ನಮಗ ಬಂದು ಹೇಳ್ರಿ. ಎಲ್ಲಾರೂ ಎಲ್ಲಾರಿಗೂ ದೋಸ್ತ ಆಗಬೇಕು ಅಂತ ನಾ ಅನ್ನಂಗಿಲ್ಲ. ಆದ್ರ ಮರ್ಯಾದಿ ಎಲ್ಲಾರಿಗೂ ಕೊಡಬೇಕು. ಯಾರಿಗರೆ ತಮ್ಮ ಬಗ್ಗೆನs ಏನಾರ ಕೇಳೂದಿದ್ರ ನದಾಫ್ ಮೇಡಮ್ ಹತ್ರ, ನನ್ನ ಹತ್ರ ಬರ್ರಿ. ನಿಮ್ಮನ್ನ ಕೇಳದs ಆ ಮಾತನ್ನ ಮನಿಗೆ ಹೇಳಂಗಿಲ್ಲ, ಸ್ಟಾಫ್ ರೂಮಿನ್ಯಾಗೂ ಆಡಂಗಿಲ್ಲ. ಜೀವಕ್ಕ ಅಪಾಯ ಅನ್ನೂವಂಥದ್ದಿದ್ರ ಮಾತ್ರ, ನಿಮಗ ಹೇಳಿನs ದೊಡ್ಡವರ ಸಹಾಯ ತಗೋತೇವಿ. ಮತ್ತ ಇದೆಲ್ಲಾ ಮಾಸ್ತರಿಗೂ ಹೊಂದತದ."

ಪ್ಲಾಸ್ಟಿಕ್ಕಿನ ಬಗ್ಗೆ ಮರೆತುಹೋಯಿತು. ರಾಷ್ಟ್ರಗೀತೆ ಮುಗಿದ ಮೇಲೆ ಹಂಚಿನಾಳ ಸರ್ ಹತ್ತಿರ ಬಂದು, "ಛಲೋ ಆತರಿ. ಕತ್ತಿಗೆ ಏನಾಗೇತಿ? ಮ್ಯಾಲs ನೋಡಾಕತ್ತಿದ್ರಿ. ಎಣ್ಣಿ ಹಚ್ಚಸ್ರಿ," ಅಂದರು.

ಇಲ್ಲಿಗೆ ಮುಗಿದಿದ್ದರೆ ನಾನು ಭಾಷಣಕಾರನಾಗಿಬಿಡುತ್ತಿದ್ದೆನೋ ಏನೋ. ಆದರೆ ಸುದ್ದಿ ಎಂಬುದು ಗೇಟು ದಾಟಿತು. ನಮ್ಮ ಸಾಲಿಯ ಗೇಟಿನಲ್ಲಿ 'ಜೋಶಿ ಸರ್ ಹುಡುಗೂರು ಹುಡುಗ್ಯಾರು ಎಲ್ಲಾ ಸರಿಸಮಾನ ಅಂದ್ರು' ಎಂದಿದ್ದದ್ದು ಬಸ್‌ಸ್ಟ್ಯಾಂಡಿನ ಹೊತ್ತಿಗೆ 'ಹುಡುಗೂರು ಏನ ಉಟ್ರೂ ನಡೀತದ ಅಂದ್ರು' ಎಂದಾಗಿತ್ತು. ರಬಕವಿ ಮುಟ್ಟುವಷ್ಟರಲ್ಲಿ, ಬರುವ ವರ್ಷದಿಂದ ಸಾಲಿಯ ಗಂಡುಹುಡುಗರಿಗೆ ಸೀರೆಯೇ ಸಮವಸ್ತ್ರ ಎಂದಾಗಿತ್ತು.

ಶನಿವಾರ ಬೆಳಿಗ್ಗೆ ಹಂಚಿನಾಳ ಸರ್ ಕೋಣೆಗೆ ಕರೆ ಬಂತು. ಒಳಗೆ ಹೋದರೆ ಸಿದ್ದುವಿನ ಅಪ್ಪ, ಅವನ ಜೊತೆ ಇನ್ನಿಬ್ಬರು ಪಾಲಕರು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದರು. ಅವರ ಪಕ್ಕದಲ್ಲಿ, ಮುಖ ತುಂಬ ನಗು ತುಂಬಿಕೊಂಡು, ಬಟ್ಟೆ ವ್ಯಾಪಾರದ ಸಾವುಕಾರರೊಬ್ಬರು ಕೂತಿದ್ದರು. ತೊಡೆಯ ಮೇಲೆ ಗಂಟು.

"ನಮ್ಮ ಹುಡುಗೂರನ್ನ ಕೆಡಸಾಕತ್ತೀರಿ," ಸಿದ್ದುವಿನ ಅಪ್ಪ ಶುರು ಮಾಡಿದ. "ಈ ಸರ್ ಮುಂದಿನ ಗುರುವಾರ ಎಲ್ಲಾರ ಮುಂದ ತಪ್ಪಾತು ಅನಬೇಕು. ಇಲ್ಲಂದ್ರ ನಾವು ಆಫೀಸಿಗೆ ಅರ್ಜಿ ಕೊಡತೇವಿ, ಹುಡುಗೂರನ್ನ ಬಿಡಸ್ತೇವಿ."

"ಅವರು ಸಿಟ್ಟಿನ್ಯಾಗ ಅದಾರ್ರಿ, ಆಮ್ಯಾಲೆ ಮಾತಾಡ್ರಿ," ಎಂದು ಸಾವುಕಾರರು ನಡುವೆ ಬಾಗಿ ಗಂಟು ಬಿಚ್ಚಿದರು. "ಸರ್, ಸೀರಿ ಆರ್ಡರ್ ಬ್ಯಾರೆ ಊರಿಗೆ ಕೊಡಬ್ಯಾಡ್ರಿ. ಬನಹಟ್ಟಿ ಸಾಲಿಗೆ ಬನಹಟ್ಟಿ ಸೀರಿ. ಬಾರ್ಡರ್ ಯಾವ ಬಣ್ಣದ್ದು ಇಟ್ಟೀರಿ? ಹುಡುಗೂರು ಓಡಾಡತಾರಂದ್ರ ಉದ್ದ ಸ್ವಲ್ಪ ಕಡಿಮಿ ಮಾಡೂಣೇನು?"

ಸಿದ್ದುವಿನ ಅಪ್ಪನಿಗೆ ತಡೆಯಲಾಗಲಿಲ್ಲ. "ನೋಡ್ರಿ! ಆರ್ಡರ್ ಆಗೇಬಿಟ್ಟೈತಿ!"

ಹಂಚಿನಾಳ ಸರ್ ನೀರು ಕುಡಿದರು. ಅವರು ಜಗಳಕ್ಕೆ ಹೆದರುವ ಮನುಷ್ಯ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಒಂದು 'ತಪ್ಪಾತು' ಹೇಳಿಸಿದರೆ ಎಲ್ಲ ಮುಗಿಯುತ್ತಿತ್ತು. ಹಾಗೆ ಹೇಳಿಸಿದರೆ ಪ್ರಭು ಮರುದಿನವೇ ಮಗ್ಗಕ್ಕೆ ಹೋಗುತ್ತಾನೆ ಎಂದು ನನಗೆ ಗೊತ್ತಿತ್ತು.

"ಜೋಶಿ ಸರ್," ಅಂದರು ಹಂಚಿನಾಳ ಸರ್, "ಅವತ್ತ ಏನ ಹೇಳಿದ್ರಿ, ಇವರ ಮುಂದ ಇನ್ನೊಮ್ಮೆ ಹೇಳ್ರಿ. ಒಂದ ಮಾತೂ ಬಿಡಬ್ಯಾಡ್ರಿ. ಎಲ್ಲಿ ತಪ್ಪ ಅನಸತದ, ಅಲ್ಲಿ ಇವರು ಕೈ ಎತ್ತಲಿ."

ಹೀಗೆ ನಾನು ನನ್ನ ಒಂದೇ ಭಾಷಣವನ್ನು ಎರಡನೆಯ ಸಲ ಮಾಡಿದೆ. ಗ್ಯಾಸಿನವರ ಮಾತು ಬಂದಾಗ ಸಾವುಕಾರರು ತೊಡೆ ತಟ್ಟಿ ನಕ್ಕರು. ಅವರಿಗೆ ಬೇಕಾದ ಹೆಸರಿನಿಂದ ಕರೆಯಿರಿ ಎಂಬಲ್ಲಿ ಯಾರೂ ಕೈ ಎತ್ತಲಿಲ್ಲ. ನಕಲು ಮಾಡಬೇಡಿ ಎಂಬಲ್ಲೂ ಎತ್ತಲಿಲ್ಲ. ಮುಗಿದ ಮೇಲೆ ಸಿದ್ದುವಿನ ಅಪ್ಪ ಅತ್ತಿತ್ತ ನೋಡಿದ.

"ಇಷ್ಟs ಏನ್ರಿ?"

"ಇಷ್ಟs," ಅಂದರು ಹಂಚಿನಾಳ ಸರ್. ಅವರ ದನಿ ನಾನು ಅದುವರೆಗೆ ಕೇಳದಷ್ಟು ಗಟ್ಟಿಯಾಗಿತ್ತು. "ಸಾಲಿಗೆ ಬಂದ ಪ್ರತಿ ಕೂಸು ಹೆದರಿಕಿ ಇಲ್ಲದ ಕುಂದರಬೇಕು. ಅದು ನನ್ನ ಜವಾಬ್ದಾರಿ. ಇದಕ್ಕ ನಮ್ಮ ಸರ್ ತಪ್ಪಾತು ಅನ್ನೂದಿಲ್ಲ. ಅರ್ಜಿ ಕೊಡೂದಿದ್ರ ಕೊಡ್ರಿ, ಪೆನ್ನು ಬೇಕಂದ್ರ ನಾ ಕೊಡತೇನಿ."

ಇನ್ನೊಬ್ಬ ಪಾಲಕ ಗೊಣಗಿದ: "ಹಂಗಿರೂದು ಒಂದು ರೋಗರಿ. ಡಾಕ್ಟರಿಗೆ ತೋರಸಬೇಕು."

"ನಡಿಯೂ ರೀತಿ ರೋಗ ಅಲ್ಲರಿ," ಬಾಗಿಲಲ್ಲಿದ್ದ ನದಾಫ್ ಮೇಡಮ್ ಅಂದರು. "ಕಾಡಿಸಿ ಕಾಡಿಸಿ ಹುಡುಗ ಊಟ ನಿದ್ದಿ ಬಿಟ್ರ, ಅದಕ್ಕ ಬೇಕಾಗತಾರ ಡಾಕ್ಟರು."

ಆತ ಒಪ್ಪಲಿಲ್ಲ. ತಲೆ ಅಲ್ಲಾಡಿಸುತ್ತಲೇ ಹೋದ. ಆದರೆ ಅರ್ಜಿ ಬರಲಿಲ್ಲ. ಸಾವುಕಾರರಿಗೆ ಮಾತ್ರ ನಿಜವಾಗಿ ದುಃಖವಾಗಿತ್ತು. "ಹಂಗಾರ ಸೀರಿ ಇಲ್ಲೇನ್ರಿ?" ಎಂದು ಮೂರು ಸಲ ಕೇಳಿ, ಗಂಟು ಕಟ್ಟಿಕೊಂಡು ಹೊರಟರು.

ಸೋಮವಾರ ಇನ್ನೊಂದು ಪೇಚು. ಪ್ರಭು ನನ್ನನ್ನು ಮೆಟ್ಟಿಲ ಹತ್ತಿರ ತಡೆದ. "ಸರ್, ಮೊದಲಿಂದs ಛಲೋ ಇತ್ತರಿ."

"ಯಾಕೋ?"

"ಸಿದ್ದ್ಯಾ ನನಗ ಮಾನ್ಯ ಶ್ರೀ ಪ್ರಭುರವರೇ ಅಂತಾನ. ನಾ ಬಂದ್ರ ಎದ್ದು ನಿಂತು ಬಾಗಲಾ ತಗೀತಾನ. ಎಲ್ಲಾರೂ ಹಂಗs ಮಾಡಾಕತ್ತಾರ."

ಸಿದ್ದುವನ್ನು ಕರೆಸಿದೆ. ಅವನು ಕೈ ಕಟ್ಟಿ ನಿಂತ. "ನೀವs ಹೇಳಿದ್ರಲ್ಲಾ ಸರ್, ಮರ್ಯಾದಿ ಕೊಡ್ರಿ ಅಂತ."

ನಗು ತಡೆದುಕೊಳ್ಳುವುದು ಕಷ್ಟವಾಯಿತು. "ರಮೇಶಗ ಏನಂತ ಕರೀತಿ?"

"ರಮ್ಯಾ ಅಂತೇನ್ರಿ."

"ಮಂಜುನಾಥಗ?"

"ಮಂಜ್ಯಾ."

"ಮತ್ತ ಪ್ರಭೂಗ?"

ಅವನು ಬಹಳ ಹೊತ್ತು ಯೋಚಿಸಿದ, ಲೆಕ್ಕ ಕೊಟ್ಟರೂ ಅಷ್ಟು ಯೋಚಿಸಿದವನಲ್ಲ. "ಪ್ರಭ್ಯಾ?"

"ಅವನ್ನ ಕೇಳು, ನಡೀತದೇನು ಅಂತ."

ಪ್ರಭು ನಡೆಯುತ್ತದೆ ಎಂದ.

ಎಲ್ಲ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ದಸರಾ ರಜೆಗೆ ಮುಂಚೆ ಎಂಟನೆಯ ಕ್ಲಾಸಿನವರು ಮೈದಾನದಲ್ಲಿ ಅವನ ನಡಿಗೆ ನಕಲು ಮಾಡುತ್ತಿದ್ದಾಗ ಮ್ಯಾಗೇರಿ ಸರ್ ಸೀಟಿ ಊದಿ ಆಟ ನಿಲ್ಲಿಸಿದರು. ನಾನು ಬೇವಿನ ಗಿಡದ ಕೆಳಗಿದ್ದೆ. ಅವರು ಬೈಯಲಿಲ್ಲ. "ಇಂಥಾ ಚೇಷ್ಟಿ ಮೊದಲ ನಾನೂ ಮಾಡತಿದ್ದೆ," ಅಂದರು. "ಈಗ ಬಿಟ್ಟೇನಿ. ನೀವೂ ಬಿಡ್ರಿ. ಆಡ್ರಿ ಇನ್ನ." ಇಷ್ಟು ಹೇಳಿ ಮತ್ತೆ ಸೀಟಿ ಊದಿದರು. ನನ್ನ ಭಾಷಣದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯ ಇರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಒಂದು ದಿನ, ನಾನು ಶಿಕ್ಷಕರ ಕೋಣೆಯಿಂದ ಬರುವಾಗ ನನ್ನ ಕ್ಲಾಸಿನಲ್ಲಿ ಗದ್ದಲ. ಪ್ರಭು ಮತ್ತು ಸಿದ್ದು ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದರು. ಪ್ರಭುವಿನ ಕೈವಾರವನ್ನು ಸಿದ್ದು ಕೇಳದೆ ಒಯ್ದು ಮುರಿದಿದ್ದನಂತೆ. ನಾನು ಒಳಗೆ ಹೋಗದೆ ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ.

"ಕಳ್ಳ ನನಮಗನ!" ಪ್ರಭು ಕೂಗಿದ.

"ನೀ ಕಳ್ಳ! ಜಿಪುಣಾ! ಕೋಣ! ನಿನ್ನ ಮಾರಿಗೆ ಬೂದಿ ಬೀಳಲಿ!"

"ನಿನ್ನ ತಲಿಯಾಗ ಬರೇ ಸೆಗಣಿ!"

ಸಿದ್ದುವಿನ ಬಾಯಿಂದ ಇನ್ನಷ್ಟು ಬಂದವು. ಕತ್ತೆ ಬಂತು, ಮಂಗ ಬಂತು, ಸುಳ್ಳ ಬಂತು. ನಾನು ಒಂದೊಂದನ್ನೂ ಗಮನವಿಟ್ಟು ಕೇಳಿದೆ. ಆ ಹಳೆಯ 'ಪ್ರಭವ್ವಾ' ಮಾತ್ರ ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ. ಹಿಂದಿನಿಂದ ಬಂದ ಹಂಚಿನಾಳ ಸರ್, "ಹುಡುಗೂರು ಹೊಡದಾಡಾಕತ್ತಾರ, ನೀವು ನಕ್ಕೋತ ನಿಂತೀರಲ್ಲರಿ?" ಎಂದು ಕಣ್ಣರಳಿಸಿದರು.

ಒಳಗೆ ನುಗ್ಗಿ ಇಬ್ಬರನ್ನೂ ಬಿಡಿಸಿದೆ. ಸಾಧ್ಯವಾದಷ್ಟು ಸಿಟ್ಟಿನ ಮುಖ ಮಾಡಿ, ಇಬ್ಬರೂ ಪೀರಿಯಡ್ ಮುಗಿಯುವ ತನಕ ಹೊರಗೆ ನಿಂತುಕೊಳ್ಳಿರೆಂದೆ.

"ನಾನೂ ಏನ್ರಿ ಸರ್?" ಪ್ರಭು ಕೇಳಿದ. ಕೈವಾರ ಅವನದು, ಮುರಿದದ್ದು ಸಿದ್ದು.

"ಹೌದು, ನೀನೂ."

ಅವನು ಹೊರಟ. ಮುಖ ಗಂಟಿಕ್ಕಿಕೊಂಡೇ ಇದ್ದ, ಆದರೆ ಹೊಸ್ತಿಲು ದಾಟುವಾಗ ತುಟಿಯ ತುದಿ ಸ್ವಲ್ಪ ಅಲುಗಿತು. ನಾನು ಹಲಗೆಗೆ ಮುಖ ಮಾಡಿ ವೃತ್ತ ಎಳೆಯತೊಡಗಿದೆ. ಹೊರಗೆ ಗೋಡೆಗೆ ಒರಗಿ ನಿಂತ ಇಬ್ಬರೂ, ನನಗೆ ಕೇಳಿಸುವುದಿಲ್ಲವೆಂದುಕೊಂಡು, ಆ ಮುರಿದ ಕೈವಾರಕ್ಕೆ ತಂತಿ ಸುತ್ತಿದರೆ ನಡೆಯುತ್ತದೋ ಇಲ್ಲವೋ ಎಂದು ಜಗಳವಾಡುತ್ತಿದ್ದರು.